ಬೆಳಗಿನ ಜಾವದ ವೇಗ

ಬೆಂಗಳೂರಿನ ಕಂಪನಿಯೊಂದಕ್ಕೆ ನಾನು ತುಮಕೂರಿನ ಉಪ್ಪಾರಹಳ್ಳಿಯ ಬಾಡಿಗೆ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಕಾಲವದು. ಮೀಟಿಂಗಿನಲ್ಲಿ ಕ್ಯಾಮೆರಾ ಹಾಕಿದೊಡನೆ ಇಂಟರ್ನೆಟ್ ಸಾಲದೆ ನನ್ನ ಧ್ವನಿ ತುಂಡಾಗುತ್ತಿತ್ತು. ಹಾಗಾಗಿ ಕ್ಯಾಮೆರಾ ಆರಿಸಿ, ಹೆಸರಿನ ಮೊದಲಕ್ಷರವಿರುವ ಬರಿಯ ವೃತ್ತವಾಗಿ ಕುಳಿತಿರುತ್ತಿದ್ದೆ. ಉಳಿದವರು ಪರಸ್ಪರ ಮುಖ ನೋಡಿ ನಗುವಾಗ, ಕ್ಯಾತ್ಸಂದ್ರದ ಹಾಸ್ಟೆಲಿನಲ್ಲಿ ಒಂದೇ ತಟ್ಟೆಗೆ ಕೈ ಹಾಕುತ್ತಿದ್ದ ಗೆಳತಿಯರು ನೆನಪಾಗುತ್ತಿದ್ದರು.

"ಯಾರೂ ನೋಡಲ್ಲ ಅಂತೀಯ, ದಿನಾ ಅದ್ಯಾಕ್ ಹಿಂಗೆ ತಲೆ ಬಾಚ್ಕೋತೀಯ ಕಣೇ?" ಎಂದು ಅಮ್ಮ ಕೆಣಕುತ್ತಿದ್ದರು. ನಾನು ಬೈತಲೆ ಸರಿಮಾಡಿಕೊಂಡು ಲ್ಯಾಪ್‌ಟಾಪ್ ತೆರೆಯುತ್ತಿದ್ದೆ.

ಹೆಚ್ಚು ವೇಗದ ಫೈಬರ್ ಪ್ಲಾನಿನ ವೆಚ್ಚವನ್ನು ಮ್ಯಾನೇಜರ್ ಒಪ್ಪಿದರೆ ಕಂಪನಿ ಭರಿಸುತ್ತದೆ ಎಂದು ತಿಳಿದಾಗ ಪತ್ರ ಬರೆಯಲು ಕುಳಿತೆ. ನಮ್ಮ ಮನೆಯಲ್ಲಿ ಕಚೇರಿಗೆ ಪತ್ರ ಬರೆದವರಲ್ಲಿ ನಾನೇ ಮೊದಲಿಗಳು. 'ಎಲ್ಲರಿಗೂ ಕಾಣಿಸಬೇಕೆಂಬ ಆಸೆಯಿದೆ' ಎಂದು ಬರೆದು ಅಳಿಸಿದೆ. ಅಲ್ಲಿ 'ಕಾರ್ಯಕ್ಷಮತೆಯ ಹಿತದೃಷ್ಟಿಯಿಂದ' ಎಂಬ ಮಾತು ಬಂತು. ಸ್ಪೀಡ್ ಟೆಸ್ಟಿನ ದಾಖಲೆಗಳನ್ನೂ ಲಗತ್ತಿಸಿದೆ. ಹಗಲಿನಲ್ಲಿ ಪರೀಕ್ಷೆ ಅರ್ಧಕ್ಕೇ ನಿಲ್ಲುತ್ತಿತ್ತು. ಅಂಥ ಅಪೂರ್ಣ ದಾಖಲೆ ಕಳಿಸುವುದು ಸರಿಯಲ್ಲವೆಂದು, ಬೀದಿಯೆಲ್ಲ ಮಲಗಿರುವ ಬೆಳಗಿನ ಜಾವ ಎದ್ದು ಪರೀಕ್ಷಿಸಿ, ಪರದೆಯ ಅಚ್ಚುಕಟ್ಟಾದ ಚಿತ್ರಗಳನ್ನು ತೆಗೆದಿದ್ದೆ.

ಮ್ಯಾನೇಜರ್ ಮೇಡಂ ಫೋನ್ ಮಾಡಿದರು. "ಇದನ್ನ ನೋಡಿದ್ರೆ ನಮ್ಮನೆಗಿಂತ ನಿಮ್ಮನೇಲೇ ನೆಟ್ ಚೆನ್ನಾಗಿದೆ ಕಣ್ರೀ! ಇದಕ್ಕೆ ಹೇಗೆ ಅಪ್ರೂವಲ್ ಕೊಡ್ಲಿ?"

"ಮೇಡಂ, ಅದು ಬೆಳಗಿನ ಜಾವದ್ದು. ಹಗಲಲ್ಲಿ ಸರಿಯಾಗಿ ಬರೋದಿಲ್ಲ, ಅದಕ್ಕೇ..."

"ಸರಿಯಾಗಿ ಬರದೇ ಇರೋದೇ ತಾನೇ ನಂಗೆ ಬೇಕಾಗಿರೋದು? ಲ್ಯಾಪ್‌ಟಾಪನ್ನ ರೂಟರ್‌ಗೆ ಕೇಬಲ್‌ನಲ್ಲೇ ಜೋಡಿಸಿ, ಆಫೀಸ್ ಟೈಮಲ್ಲಿ ಟೆಸ್ಟ್ ಮಾಡಿ. ಅಪ್‌ಲೋಡ್ ಕಾಣೋ ಹಾಗೆ ಕಳ್ಸಿ. ನಿಮ್ಮ ಮುಖ ನಮಗೆ ಬರೋದು ಅದ್ರಲ್ಲೇ."

ಗುಬ್ಬಿಯಲ್ಲಿ ಹುಟ್ಟಿ ಬೆಳೆದ ಅಮ್ಮನಿಗೆ ಇದನ್ನು ಹೇಳಿದಾಗ ಸೆರಗು ಬಾಯಿಗಿಟ್ಟು ನಕ್ಕರು. "ನೆಂಟ್ರು ಬರ್ತಾರೆ ಅಂತ ಮನೆ ಗುಡ್ಸಿದಂಗೆ ಮಾಡ್ಬುಟ್ಟಿದೀಯಲ್ಲೇ!"

ಈ ಬಾರಿ ಕೆಲಸದ ವೇಳೆಯಲ್ಲೇ ಪರೀಕ್ಷಿಸಿದೆ. ಡೌನ್‌ಲೋಡ್ ಹೇಗೋ ಸಾಗಿತು, ಅಪ್‌ಲೋಡಿನ ಮುಳ್ಳು ಬುಡ ಬಿಟ್ಟು ಏಳಲೇ ಇಲ್ಲ. ನಿಂತುಹೋದ ಪರೀಕ್ಷೆಗಳನ್ನೂ ನಿಂತಂತೆಯೇ ಸೇರಿಸಿದೆ. ಅಳಿಸಿದ್ದ ಆ ವಾಕ್ಯವನ್ನು ಮತ್ತೆ ಬರೆದೆ. ಹಾಗೆಯೇ ಕಳುಹಿಸಿದೆ.

ಒಪ್ಪಿಗೆ ಬಂತು. ಹೊಸ ಫೈಬರ್ ಲೈನ್ ಎಳೆದ ಮರುದಿನ ಕ್ಯಾಮೆರಾ ಹಾಕಿದೆ.

"ಅಯ್ಯೋ, ನೀವು ಕನ್ನಡಕ ಹಾಕ್ತೀರಾ!" ಎಂದರು ಒಬ್ಬರು. ಮೇಡಂ ತಮ್ಮ ಕಾಫಿ ಲೋಟ ಎತ್ತಿ ತೋರಿಸಿದರು. ನಾನೂ ನನ್ನದನ್ನು ಎತ್ತಿದೆ. ಲೋಟಕ್ಕೆ ಲೋಟ ತಾಗುವಷ್ಟು ಹತ್ತಿರ ಕಾಣುತ್ತಿದ್ದರು.

ಮೀಟಿಂಗ್ ಮುಗಿದು ಒಬ್ಬೊಬ್ಬರೇ ಹೋದರು. ಪರದೆಯ ಮೇಲೆ, ಬಾಚಿದ ತಲೆಯೊಂದಿಗೆ, ನಾನೊಬ್ಬಳೇ ಸ್ವಲ್ಪ ಹೊತ್ತು ಉಳಿದೆ.