ನನಗೆ ಬೇಕಾದ ದಿನ

ಹತ್ತನೇ ತರಗತಿಯ ನಾಲ್ಕು ವಿಷಯ ಪಾಸಾಗಿ ಗಣಿತವೊಂದು ಉಳಿದಿತ್ತು. ಉಳಿದಿತ್ತು ಅನ್ನುವುದಕ್ಕಿಂತ ಹಟ ಹಿಡಿದು ಕೂತಿತ್ತು. ನಮ್ಮೂರಿನ ಅಂಗನವಾಡಿ ಸಹಾಯಕಿ ಬರುವ ವರ್ಷ ನಿವೃತ್ತಿ. ಆ ಕೆಲಸಕ್ಕೆ ಹತ್ತನೇ ತರಗತಿ ಆಗಿರಬೇಕು, ವಯಸ್ಸು ಮೂವತ್ತೈದು ದಾಟಿರಬಾರದು. ನನಗಾಗಲೇ ಮೂವತ್ತನಾಲ್ಕು.

ಮುಕ್ತ ಶಾಲೆಗೆ ಹೆಸರು ಬರೆಸಿದ್ದೆ. ಹೊಳೆನರಸೀಪುರದ ಅಧ್ಯಯನ ಕೇಂದ್ರದಲ್ಲಿ ಭಾನುವಾರ ಪಾಠ. ಅಸೈನ್‌ಮೆಂಟುಗಳನ್ನು ಹಸು ಕರೆದು, ಡೈರಿಗೆ ಹಾಲು ಹಾಕಿ ಬಂದ ಮೇಲೆ ಮನೆಯಲ್ಲೇ ಬರೆದು ಕೇಂದ್ರಕ್ಕೆ ಒಪ್ಪಿಸಿದ್ದೆ. ಆ ಅಂಕಗಳೂ ಫಲಿತಾಂಶಕ್ಕೆ ಸೇರುತ್ತವೆ. ಏಪ್ರಿಲ್ ಪರೀಕ್ಷೆಗೆ ಹಾಸನಕ್ಕೆ ಓಡಾಡಿದೆ. ಆ ವಾರವೇ ನಮ್ಮ ಭಾವನ ಮನೆ ಗೃಹಪ್ರವೇಶ. ನಾನು ಹೋಗಲಿಲ್ಲ, ಯಾರೂ ಸೊಲ್ಲೆತ್ತಲೂ ಇಲ್ಲ.

ಗಣಿತ ಹೋಯಿತು. ಕೇಂದ್ರದ ಗಣಿತದ ಮೇಡಂ ಸಮಾಧಾನ ಮಾಡಿದರು. “ಪಾಸಾದ ನಾಲ್ಕು ಎಲ್ಲೂ ಹೋಗಲ್ಲ. ಅಕ್ಟೋಬರ್‌ ಪರೀಕ್ಷೆತನಕ ಕಾಯೋದೂ ಬೇಡ, ಬೆಂಗಳೂರಿನ ಪ್ರಾದೇಶಿಕ ಕೇಂದ್ರದಲ್ಲಿ ಆನ್ ಡಿಮಾಂಡ್ ಪರೀಕ್ಷೆ ಇದೆ. ಖಾಲಿ ಇರೋ ದಿನಗಳಲ್ಲಿ ನಿಮಗೆ ಬೇಕಾದ್ದನ್ನ ನೀವೇ ಆರಿಸಿ ಬುಕ್ ಮಾಡಬಹುದು.”

ನನಗೆ ಬೇಕಾದ ದಿನ! ಮದುವೆಯ ಮುಹೂರ್ತವನ್ನೂ ನನ್ನನ್ನು ಕೇಳಿ ಇಟ್ಟವರಿಲ್ಲ. ಖುಷಿ ತಡೆಯಲಾರದೆ ಮನೆಗೆ ಬಂದವಳೇ ಎಲ್ಲರೆದುರು ಒದರಿಬಿಟ್ಟೆ. ಅಲ್ಲಿಗೆ ನನ್ನ ಗ್ರಹಚಾರ ಶುರುವಾಯಿತು.

ಮೊದಲ ಸಲ ದಿನ ಬುಕ್ ಮಾಡಿದಾಗ ಅತ್ತೆಯ ಕಣ್ಣಿನ ಆಪರೇಷನ್ ಬಂತು. “ನಿನ್ ಪರೀಕ್ಷೆ ನಿನ್ ಕೈಲೇ ಐತಲ್ಲವ್ವಾ, ಮುಂದಕ್ ಆಕ್ಕೋ” ಅಂದರು ಅತ್ತೆ. ನಿಜವೇ, ಕಣ್ಣು ಮುಖ್ಯ. ಹೋಗದಿದ್ದರೆ ಕಟ್ಟಿದ ಶುಲ್ಕ ಹೋಯಿತು, ಹೊಸದಾಗಿ ಬುಕ್ ಮಾಡಬೇಕು. ಹೋಗಲಿ ಅಂದುಕೊಂಡೆ. ಆಮೇಲೆ ನಾದಿನಿಯ ಸೀಮಂತ. ಅದಾದ ಮೇಲೆ ಶುಂಠಿ ಕೀಳುವ ಆಳುಗಳಿಗೆ ಅಡುಗೆ. ಮತ್ತೊಂದು ದಿನ ಹೇಳಿದಾಗ ಯಾವ ಕಾರಣವೂ ಇರಲಿಲ್ಲ. ಆದರೂ ಯಜಮಾನರು ತಟ್ಟೆಯಿಂದ ತಲೆಯೆತ್ತದೆ, “ಅದ್ಯಾಕ್ ಅಂಗೆ ಅವಸರ ಮಾಡ್ತೀಯಾ? ಯಾವಾಗ್ ಬೇಕಾದ್ರೂ ಬರೀಬೋದು ಅಂತ ನೀನೇ ಏಳ್ದಲ್ಲ” ಅಂದರು.

ನಾನೇ ಹೇಳಿದ್ದೆ. ನನ್ನ ಬಾಯಿಗಿಷ್ಟು ಮಣ್ಣು ಹಾಕ. ಯಾವಾಗ ಬೇಕಾದರೂ ಬರೆಯಬಹುದಾದ್ದು ಯಾವಾಗಲೂ ಬರೆಯಲಾಗದ್ದು ಅಂತ ಆಗ ತಿಳಿಯಿತು. ಮನೆಯಲ್ಲಿ ಒಬ್ಬರೂ ಓದಬೇಡ ಅನ್ನಲಿಲ್ಲ. ಅಂದಿದ್ದರೆ ಜಗಳವಾದರೂ ಆಡಬಹುದಿತ್ತು. ಎಲ್ಲರೂ ನಗುನಗುತ್ತಲೇ ಬಾಗಿಲು ಹಾಕುತ್ತಿದ್ದರು. ಪಾತ್ರೆ ಕುಕ್ಕುತ್ತಿದ್ದೆ, ಹಸುವಿಗೆ ಬೈಯುತ್ತಿದ್ದೆ. ಮೂವತ್ತೈದಕ್ಕೆ ಇನ್ನು ನಾಲ್ಕೇ ತಿಂಗಳು.

ಆಗ ಏಪ್ರಿಲ್ ನೆನಪಾಯಿತು. ಗೃಹಪ್ರವೇಶಕ್ಕೆ ಹೋಗದಿದ್ದರೂ ಯಾರೂ ಯಾಕೆ ಕೇಳಲಿಲ್ಲ? ಅದು ಸರ್ಕಾರ ಇಟ್ಟ ದಿನವಾಗಿತ್ತು.

ಹಳ್ಳಿಮೈಸೂರಿನ ಸೈಬರ್ ಅಂಗಡಿಯಲ್ಲಿ ಮತ್ತೆ ದಿನ ಆರಿಸಿದೆ. ಹಾಲ್ ಟಿಕೆಟ್ ಪ್ರಿಂಟ್ ತಂದು ಯಜಮಾನರ ಮುಂದೆ ಇಟ್ಟೆ. “ಸರ್ಕಾರದೋರು ಡೇಟ್ ಕೊಟ್ಬುಟ್ಟವ್ರೆ. ಇದೇ ಕೊನೆಯಂತೆ.”

ಅವರು ಆ ಹಾಳೆಯನ್ನು ಎರಡು ಕೈಯಲ್ಲಿ ಹಿಡಿದು ನೋಡಿದರು. “ಅವತ್ತು ಔಷಧಿ ಒಡಿಯೋಕೆ ಆಳು ಬತ್ತವ್ರೆ... ಓಗ್ಲಿ ಬುಡು. ಸರ್ಕಾರದ್ದು ಅಂದ್ಮೇಲೆ ಏನ್ ಮಾಡಕ್ಕಾಯ್ತದೆ.”

ಅಷ್ಟೇ. ತಿಂಗಳುಗಟ್ಟಲೆ ಅಲ್ಲಾಡದ ಬಂಡೆ ಒಂದು ಸುಳ್ಳಿಗೆ ಸರಿಯಿತು. ಅವತ್ತು ಬೆಳಿಗ್ಗೆ ಅತ್ತೆಯೇ ಹಾಲು ಕರೆದರು. ಯಜಮಾನರು ಬೈಕಿನಲ್ಲಿ ಚನ್ನರಾಯಪಟ್ಟಣದವರೆಗೂ ಬಿಟ್ಟು, ಬೆಂಗಳೂರು ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟರು. ಬಸ್ಸು ಹೊರಟ ಮೇಲೆ ನನಗೆ ಅಳು ಬಂತು. ಖುಷಿಗಲ್ಲ. ಇಷ್ಟು ಒಳ್ಳೆಯವರು, ನಾನು ಕೇಳಿದಾಗ ಯಾಕೆ ಒಳ್ಳೆಯವರಾಗಲಿಲ್ಲ?

ಮಧ್ಯಾಹ್ನ ಪರೀಕ್ಷೆ ಬರೆದೆ. ಕೊಠಡಿಯಲ್ಲಿ ಒಬ್ಬೊಬ್ಬರದು ಒಂದೊಂದು ವಿಷಯ, ನನ್ನ ಪಕ್ಕದಲ್ಲಿ ನರೆತ ಮೀಸೆಯವರೊಬ್ಬರು ಇಂಗ್ಲಿಷ್ ಬರೆಯುತ್ತಿದ್ದರು. ಗಣಿತ ಪಾಸಾಯಿತು. ಅಂಚಿನಲ್ಲೇ, ಆದರೂ ಆಯಿತು. ವಯಸ್ಸು ಮೀರುವ ಮೊದಲೇ ಅರ್ಜಿ ಹಾಕಿ ಅಂಗನವಾಡಿ ಸಹಾಯಕಿಯೂ ಆದೆ. ಯಜಮಾನರು ಡೈರಿ ಹತ್ತಿರ ನಾಲ್ಕು ಜನರೆದುರು ಹೆಮ್ಮೆಯಿಂದಲೇ ಹೇಳಿಕೊಂಡರು.

ಹೋದ ತಿಂಗಳು ಅರಕಲಗೂಡಿನಲ್ಲಿರುವ ನಮ್ಮಮ್ಮನಿಗೆ ಜ್ವರ ಅಂತ ಫೋನು ಬಂತು. ಎರಡು ದಿನ ಹೋಗಿ ಬರುತ್ತೇನೆ ಅಂದೆ.

“ಮುಂದಿನ್ ವಾರ ಓಗೀವಂತೆ ಬುಡು, ಈಗೇನ್ ಅಂತಾ ಅರ್ಜೆಂಟು” ಅಂದರು ಯಜಮಾನರು.

“ಅರಕಲಗೂಡಲ್ಲಿ ಟ್ರೈನಿಂಗ್ ಆಕವ್ರೆ. ಎರಡು ದಿನ” ಅಂದೆ.

“ಮೊದ್ಲೇ ಏಳ್ಬಾರ್ದಾ” ಎಂದು ಬೈಕಿನ ಕೀಲಿ ಹುಡುಕತೊಡಗಿದರು.

ಅಮ್ಮ ಹಾಸಿಗೆಯಿಂದಲೇ ಕೇಳಿದಳು: “ಅಳಿಯಂದ್ರು ಒಪ್ಪಿ ಕಳ್ಸುದ್ರಾ ಮಗಾ?”

“ಸರ್ಕಾರ ಕಳ್ಸ್ತು ಕಣವ್ವಾ” ಅಂದೆ.