ಅಪ್ಪನಿಗೆ ಕೇಳುವ ಅಕ್ಕನ ದನಿ

ಅಕ್ಕ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ಅವಳ ದನಿ ಉಳಿದದ್ದು ಒಂದೇ ಒಂದು ಕ್ಯಾಸೆಟ್ಟಿನಲ್ಲಿ. ಹರಿಹರದ ನಮ್ಮ ಓಣಿಯಲ್ಲಿ ಯಾರದೋ ಮಗುವಿಗೆ ಹೆಸರಿಡುವ ದಿನ ಅವಳು ತೊಟ್ಟಿಲ ಪಕ್ಕ ಕೂತು ಒಂದು ಜೋಗುಳ ಹಾಡಿದ್ದಳು. ನಮ್ಮದೇ ಟೇಪ್‌ರೆಕಾರ್ಡರನ್ನು ಒಯ್ದು, ಕಿಟಕಿಯ ಕಟ್ಟೆಯ ಮೇಲಿಟ್ಟು ನಾನೇ ಅದನ್ನು ತುಂಬಿಸಿಕೊಂಡಿದ್ದೆ. ಆಗ ಅವಳು ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಮುಂದೆ ಮೂತ್ರಪಿಂಡದ ಕಾಯಿಲೆ ಬಂತು. ದಾವಣಗೆರೆಯ ಆಸ್ಪತ್ರೆಯಲ್ಲಿ ಬಹಳ ದಿನ ಇದ್ದಳು, ಅಲ್ಲಿಂದ ಮನೆಗೆ ಬರಲಿಲ್ಲ.

ಅವಳು ಹೋದ ಮರುವರ್ಷ ನಾನು ದಾವಣಗೆರೆಯ ಒಂದು ಕ್ಯಾಸೆಟ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದೆ. ಬೇಕಾದ ಹಾಡುಗಳ ಹೆಸರು ಹೇಳಿದರೆ ತುಂಬಿಕೊಡುವ ಅಂಗಡಿ ಅದು. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಅಂಗಡಿಯ ಯಜಮಾನರು ಹೊಸದಾಗಿ ಕಂಪ್ಯೂಟರ್ ತಂದಿದ್ದರು, ಕಂಪ್ಯೂಟರ್ ಕೋರ್ಸ್ ಮಾಡಿದ್ದ ಹುಡುಗಿ ಎಂದು ನನ್ನನ್ನು ಅದರ ಮುಂದೆ ಕೂರಿಸಿದ್ದರು. ಕ್ಯಾಸೆಟ್ ಡೆಕ್ಕಿನಿಂದ ಒಂದು ವೈರು ಕಂಪ್ಯೂಟರಿನ ಹಿಂಭಾಗಕ್ಕೆ ಹೋಗುತ್ತಿತ್ತು. ಹಳೆಯ ಕ್ಯಾಸೆಟ್ಟುಗಳ ಹಾಡುಗಳನ್ನು ಅದರೊಳಗೆ ಇಳಿಸಿ ಜೋಡಿಸುವುದು ನನ್ನ ಕೆಲಸ. ದಿನಾ ಹರಿಹರದಿಂದ ಬಸ್ಸಿನಲ್ಲಿ ಬಂದು ಸಂಜೆಗೆ ಮರಳುತ್ತಿದ್ದೆ.

ಅಕ್ಕನ ಕ್ಯಾಸೆಟ್ಟು ಸವೆಯುತ್ತಿದೆ, ಅದನ್ನೂ ಇಳಿಸಿಕೊಡು ಎಂದು ಒಂದು ದಿನ ಅಪ್ಪನೇ ಕೇಳಿದರು. ಅಪ್ಪ ಹರಿಹರದ ಒಂದು ಕಾರ್ಖಾನೆಯಲ್ಲಿ ಆಯುಷ್ಯವಿಡೀ ತಗಡು ಒತ್ತುವ ಯಂತ್ರದ ಪಕ್ಕ ದುಡಿದು ನಿವೃತ್ತರಾದವರು. ಮಾತು ಕಡಿಮೆ. ಅಕ್ಕ ಹೋದ ಮೇಲಂತೂ ಇನ್ನೂ ಕಡಿಮೆಯಾಗಿತ್ತು. ಅವರು ಆ ಟೇಪನ್ನು ಹಾಕಿಕೊಂಡು ಕೂತದ್ದನ್ನು ನಾನು ನೋಡಿರಲಿಲ್ಲ. ಅವ್ವ ಮಾತ್ರ ಆಗಾಗ ಹಾಕುತ್ತಿದ್ದಳು, ಅಪ್ಪ ಎದ್ದು ಹೊರಗೆ ಹೋಗುತ್ತಿದ್ದರು. ದುಃಖ ತಡೆಯಲಾರದೆ ಹೋಗುತ್ತಾರೆ ಎಂದೇ ನಾವು ತಿಳಿದಿದ್ದೆವು.

ಟೇಪನ್ನು ಕಂಪ್ಯೂಟರಿಗೆ ಇಳಿಸಿದಾಗ ದನಿ ಬಹಳ ಸಣ್ಣದಾಗಿ ಬಂತು. ಸದ್ದನ್ನು ಗೆರೆಗಳಾಗಿ ತೋರಿಸುವ ಒಂದು ಪ್ರೋಗ್ರಾಮಿನಲ್ಲಿ ನಾರ್ಮಲೈಸ್ ಎಂಬ ಸೌಲಭ್ಯವಿತ್ತು. ಇಡೀ ಹಾಡಿನಲ್ಲಿ ಎಲ್ಲಕ್ಕಿಂತ ಎತ್ತರದ ಸದ್ದು ಯಾವುದೆಂದು ಅದು ಹುಡುಕುತ್ತದೆ. ಆ ಸದ್ದು ಒಡೆಯದಂತೆ ಎಷ್ಟು ಏರಿಸಬಹುದೋ ಅಷ್ಟೇ ಪ್ರಮಾಣದಲ್ಲಿ ಉಳಿದದ್ದನ್ನೆಲ್ಲ ಏರಿಸುತ್ತದೆ. ನಾನು ಅದನ್ನು ಒತ್ತಿದೆ, ಏನೂ ಆಗಲಿಲ್ಲ. ನೋಡಿದರೆ ಹಾಡಿನ ನಡುವೆ ಯಾರೋ ಸ್ಟೀಲ್ ತಟ್ಟೆ ಬೀಳಿಸಿದ್ದರು. ಆ ಒಂದು ಠಣ್ ಆಗಲೇ ಅಂಚು ಮುಟ್ಟಿತ್ತು, ಹಾಗಾಗಿ ಅಕ್ಕನ ದನಿಗೆ ಮೇಲೇಳಲು ಜಾಗವಿರಲಿಲ್ಲ. ಆ ತಟ್ಟೆಯ ಸದ್ದನ್ನಷ್ಟೇ ಗುರುತು ಮಾಡಿ ತಗ್ಗಿಸಿ ಮತ್ತೆ ಒತ್ತಿದೆ. ಅಕ್ಕ ಸ್ಪಷ್ಟವಾಗಿ ಮೇಲೆ ಬಂದಳು. ಜೊತೆಗೆ ಟೇಪಿನ ಸುಯ್ ಎನ್ನುವ ಸದ್ದೂ ಅಷ್ಟೇ ಏರಿತು, ಅದಕ್ಕೇನೂ ಮಾಡುವಂತಿರಲಿಲ್ಲ.

ಪೇಟೆಗೆ ಬಂದಿದ್ದ ಅಪ್ಪ ಮಧ್ಯಾಹ್ನ ಅಂಗಡಿಗೆ ಬಂದರು. ಯಜಮಾನರು ಅವರನ್ನು ಸ್ಪೀಕರ್ ಮುಂದೆ ಕೂರಿಸಿ, ಕಂಪ್ಯೂಟರಿನಲ್ಲಿ ಹಾಡು ನುಡಿಸಲು ತಾವು ದಿನಾ ಬಳಸುವ ಪ್ಲೇಯರ್ ಪ್ರೋಗ್ರಾಮಿನಲ್ಲಿ ಅದನ್ನು ಹಾಕಿದರು. ಅಪ್ಪ ತಲೆ ಬಗ್ಗಿಸಿ ಕೇಳುತ್ತಿದ್ದರು. ಎರಡನೆಯ ಸಾಲಿಗೆ ಅವರ ಹೆಗಲು ಅಲುಗಿತು. ಅವರು ಅಳುವುದನ್ನು ನಾನು ಮೊದಲ ಸಲ ನೋಡಿದ್ದು ಅಲ್ಲಿ, ಗಿರಾಕಿಗಳ ನಡುವೆ. ಅಕ್ಕನನ್ನು ಮಣ್ಣು ಮಾಡುವಾಗಲೂ ಅವರು ಅತ್ತಿರಲಿಲ್ಲ.

"ಇದು ಅವಳೇ ನೋಡು," ಎಂದರು. "ಇಷ್ಟು ದಿನ ಮನ್ಯಾಗಿನ ಟೇಪಿನಾಗೆ ಇದು ಇರಲೇ ಇಲ್ಲ."

ಮರುವಾರ ಅವ್ವನನ್ನೂ ಕರೆದುಕೊಂಡು ಬಂದರು. ಆ ದಿನ ಯಜಮಾನರು ಊಟಕ್ಕೆ ಹೋಗಿದ್ದರು. ನಾನು ನನಗೆ ರೂಢಿಯಾದ ಇನ್ನೊಂದು ಪ್ಲೇಯರಿನಲ್ಲಿ ಅದೇ ಹಾಡನ್ನು ಹಾಕಿದೆ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಅಪ್ಪ ಮಾತ್ರ ತಲೆಯೆತ್ತಿ, ಇದು ಅವತ್ತಿನದಲ್ಲ ಎಂದರು. ಅದೇ ಹಾಡು ಎಂದೆ. ಅಲ್ಲ ಎಂದು ಹಟ ಹಿಡಿದರು. ಅವಳು ಕಂಬಳಿ ಹೊದ್ದುಕೊಂಡು ಹಾಡಿದ ಹಾಗೆ ಕೇಳುತ್ತಿದೆ, ಏನೋ ಕೆಡಿಸಿದ್ದೀಯ ಎಂದರು. ಅಷ್ಟರಲ್ಲಿ ಯಜಮಾನರು ಬಂದು ತಮ್ಮ ಪ್ಲೇಯರಿನಲ್ಲಿ ಹಾಕಿದರು. ಅಪ್ಪನ ಮುಖ ಅರಳಿತು. ಅವ್ವನ ಮುಖ ಕಿವುಚಿಕೊಂಡಿತು. ಇದೆಂಥ ದನಿ, ತಗಡು ಗೀರಿದಂಗೆ, ನನ್ನ ಮಗಳ ದನಿ ಹೀಗಿರಲಿಲ್ಲ ಎಂದಳು.

ಫೈಲು ಒಂದೇ ಎಂದು ಯಜಮಾನರು ಇಬ್ಬರಿಗೂ ಸಮಾಧಾನದಿಂದ ಬಿಡಿಸಿ ಹೇಳಿದರು. ನನ್ನ ಪ್ಲೇಯರು ಅದರಲ್ಲಿದ್ದದ್ದನ್ನು ಇದ್ದ ಹಾಗೇ ನುಡಿಸುತ್ತಿತ್ತು. ಅವರದ್ದರಲ್ಲಿ ಈಕ್ವಲೈಸರ್ ಇತ್ತು. ಕೆಳದನಿಯಿಂದ ಕೀರಲು ದನಿಯವರೆಗೆ ಸದ್ದನ್ನು ಹತ್ತು ಭಾಗ ಮಾಡಿ, ತೆರೆಯ ಮೇಲೆ ಒಂದೊಂದಕ್ಕೂ ಒಂದೊಂದು ಕಡ್ಡಿ. ಕಡ್ಡಿ ಮೇಲೆ ತಳ್ಳಿದರೆ ಆ ಭಾಗದ ಸದ್ದು ಏರುತ್ತದೆ, ಕೆಳಗೆಳೆದರೆ ಇಳಿಯುತ್ತದೆ. ಕುಣಿತದ ಹಾಡು ಚುರುಕಾಗಿ ಕೇಳಲೆಂದು ಅವರು ಮೇಲ್ಭಾಗದ ಕಡ್ಡಿಗಳನ್ನು ಏರಿಸಿ ಹಾಗೇ ಬಿಟ್ಟಿದ್ದರು. ಸಾಲದ್ದಕ್ಕೆ, ಮೆಲ್ಲಗಿರುವ ಕಡೆ ಸದ್ದನ್ನು ತಾನೇ ಎತ್ತಿ ಜೋರಿದ್ದ ಕಡೆ ತಾನೇ ಇಳಿಸುವ ಒಂದು ಸಣ್ಣ ಪ್ರೋಗ್ರಾಮನ್ನೂ ಅದಕ್ಕೆ ಸೇರಿಸಿದ್ದರು. ಆ ಹೊಂದಿಕೆಗಳೆಲ್ಲ ಪ್ಲೇಯರಿನಲ್ಲಿದ್ದವು, ಹಾಡಿನಲ್ಲಿ ಅಲ್ಲ.

"ಎರಡನ್ನೂ ಒಂದೇ ಸದ್ದಿಗೆ ತಂದು ಕೇಳಬೇಕ್ರಿ," ಎಂದರು. "ಇಲ್ಲಾಂದ್ರೆ ಯಾವುದು ಜೋರೈತೆ ಅದೇ ಚಲೋ ಅನ್ಸುತ್ತೆ."

ತಾನೇ ಸದ್ದು ಏರಿಳಿಸುವ ಪ್ರೋಗ್ರಾಮನ್ನು ತೆಗೆದರು. ಎರಡರ ಸದ್ದನ್ನೂ ಸರಿಸಮ ಮಾಡಿದರು. ಆದರೂ ಅಪ್ಪನಿಗೆ ಯಜಮಾನರ ಪ್ಲೇಯರಿನದೇ ಬೇಕು, ಅವ್ವನಿಗೆ ನನ್ನ ಪ್ಲೇಯರಿನದೇ ಬೇಕು. ಹಾಗಾದರೆ ಉಳಿದದ್ದು ಕಡ್ಡಿಗಳು. ಯಜಮಾನರು ಎಲ್ಲವನ್ನೂ ನಡುಮಟ್ಟಕ್ಕೆ ತಂದು, ಯಾವುದನ್ನು ಎತ್ತಿದಾಗ ಸರಿಯೆನಿಸುತ್ತದೆ ಹೇಳಿ ಎಂದು ಅಪ್ಪನಿಗೆ ಹೇಳಿ, ಮೌಸನ್ನು ನನ್ನ ಕೈಗೆ ಕೊಟ್ಟರು.

ನಾನು ಎಡಗಡೆಯಿಂದ ಶುರು ಮಾಡಿದೆ. ಕೆಳದನಿಯ ಕಡ್ಡಿಗಳನ್ನು ಚೂರು ಸರಿಸಿದರೂ ಅಪ್ಪನಿಗೆ ಗೊತ್ತಾಗುತ್ತಿತ್ತು. ನಡುವಿನವೂ ಗೊತ್ತಾದವು. ಕೀರಲು ದನಿಯ ಕಡೆ, ಮೂರು ಸಾವಿರ ಎಂದು ಬರೆದಿದ್ದ ಕಡ್ಡಿಯನ್ನು ಎತ್ತಿದೆ. ಹಾಂ, ಸ್ವಲ್ಪ ಬಂತು ಎಂದರು. ಆರು ಸಾವಿರದ್ದನ್ನು ಅರ್ಧಕ್ಕೆ ಎತ್ತಿದಾಗ ಅವರು ಏನೂ ಹೇಳಲಿಲ್ಲ, ಅವ್ವ ಮಾತ್ರ ಕಿವಿ ಮುಚ್ಚಿಕೊಂಡಳು. ಸುಯ್ ಅನ್ನೋದು ಬಹಳ ಆತು, ಇಳಿಸವ್ವ ಎಂದಳು.

"ಯಾವ ಸುಯ್?" ಎಂದರು ಅಪ್ಪ.

ಟೇಪಿನ ಹಿಂದೆ ಕೇಳ್ತೈತಲ್ಲ, ಒಗ್ಗರಣೆ ಹಾಕಿದಂಗೆ ಎಂದಳು ಅವ್ವ. ಅಪ್ಪ ನನ್ನ ಮುಖ ನೋಡಿದರು, ಯಜಮಾನರ ಮುಖ ನೋಡಿದರು. ಅಂಗಡಿಯೊಳಗಿದ್ದ ಎಲ್ಲರಿಗೂ ಆ ಸದ್ದು ಕೇಳುತ್ತಿತ್ತು. ನಾನು ಹಾಡು ಶುರುವಾಗುವ ಮುಂಚಿನ ಖಾಲಿ ಜಾಗವನ್ನಷ್ಟೇ ಹಾಕಿದೆ. ಅಲ್ಲಿ ಆ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಇನ್ನೂ ಶುರು ಮಾಡಿಲ್ವಾ ಎಂದು ಅಪ್ಪ ಕೇಳಿದರು.

ಆಗ ನನಗೆ ತಿಳಿಯಿತು. ಕಾರ್ಖಾನೆಯ ಯಂತ್ರ ಅವರ ಕಿವಿಯಿಂದ ಕೀರಲು ದನಿಗಳನ್ನೇ ಆರಿಸಿ ತೆಗೆದುಕೊಂಡುಬಿಟ್ಟಿತ್ತು. ಬಸ್ಸಿನ ಸದ್ದು, ಬಾಗಿಲ ಸದ್ದು, ಗಂಡಸರ ಮಾತು ಎಲ್ಲ ಕೇಳುತ್ತಿದ್ದುದರಿಂದ ಕಿವಿ ಮಂದವಾಗಿದೆ ಎಂದು ನಮಗೂ ಅನಿಸಿರಲಿಲ್ಲ, ಅವರಿಗೂ ಅನಿಸಿರಲಿಲ್ಲ. ಹೋದದ್ದು ಹೆಂಗಸರ, ಮಕ್ಕಳ ಮೆಲುಮಾತು. ಸ, ಶ, ತ ಮುಂತಾದ ಅಕ್ಷರಗಳ ಅಂಚು. ಯಜಮಾನರ ಪ್ಲೇಯರಿನಲ್ಲಿ ಕಡ್ಡಿಗಳು ಅಕಸ್ಮಾತ್ತಾಗಿ ಅಲ್ಲೇ ಮೇಲಿದ್ದವು. ಅವ್ವನಿಗೆ ತಗಡು ಗೀರಿದಂತಿದ್ದದ್ದು ಅಪ್ಪನಿಗೆ ಮಗಳಾಗಿ ಕೇಳಿದ್ದು ಅದಕ್ಕೆ. ನಾನು ಇದನ್ನು ಅವರಿಗೆ ಎದುರು ನಿಂತು, ನಿಧಾನವಾಗಿ ಹೇಳಿದೆ.

ಅಪ್ಪ ನನ್ನನ್ನಲ್ಲ, ಅವ್ವನನ್ನು ಕೇಳಿದರು.

"ಹಂಗಾದ್ರೆ ಆಸ್ಪತ್ರ್ಯಾಗೆ ಅವಳು ಮಾತಾಡ್ತಿದ್ಲೇನು ನನ್ ಕೂಡ?"

ಕೊನೆಯ ದಿನಗಳಲ್ಲಿ ಅಕ್ಕನ ದನಿ ಪೂರ್ತಿ ಬಿದ್ದುಹೋಗಿತ್ತು. ಬರೀ ಉಸಿರಿನಲ್ಲಿ ಮಾತಾಡುತ್ತಿದ್ದಳು. ಅಪ್ಪ ಮಂಚದ ಪಕ್ಕ ಕೂತು ಹೂಂ ಎನ್ನುತ್ತಿದ್ದರು, ತಲೆಯಾಡಿಸುತ್ತಿದ್ದರು. ಅವರಿಗೆ ಕೇಳುತ್ತಿದೆ ಎಂದು ನಾನೂ ತಿಳಿದಿದ್ದೆ. ಅವರು ತಿಳಿದದ್ದು ಬೇರೆ. ಮಗಳು ಸುಮ್ಮನೆ ತುಟಿ ಅಲುಗಿಸುತ್ತಾಳೆ, ತನ್ನ ಹತ್ತಿರ ಹೇಳುವ ಮಾತು ಅವಳಿಗಿಲ್ಲ ಎಂದು ಅವರು ಅಂದುಕೊಂಡಿದ್ದರಂತೆ, ಹೂಂ ಎಂದದ್ದು ಬರೀ ಅವಳ ಸಮಾಧಾನಕ್ಕಂತೆ. ಆ ಕೊರಗನ್ನು ಒಂದು ವರ್ಷ ಒಳಗೇ ಇಟ್ಟುಕೊಂಡಿದ್ದರು.

ಅವ್ವ ಅವರ ಮುಖದ ಎದುರಿಗೆ ಬಂದು ಕೂತಳು.

"ಮಾತಾಡ್ತಿದ್ಲುರಿ. ಊಟ ಆತೇನಪ್ಪ ಅಂತಿದ್ಲು. ಮನೀಗೋಗಿ ಮಲಕ್ಕೋ, ನಾನು ಆರಾಮದೀನಿ ಅಂತಿದ್ಲು."

ಅಪ್ಪ ಮತ್ತೆ ಹೇಳಿಸಿದರು. ಅವಳು ಅದೇ ಮಾತನ್ನು ಇನ್ನೊಂದು ಸಲ, ಜೋರಾಗಿ ಹೇಳಿದಳು. ಯಜಮಾನರು ಎದ್ದು ಅಂಗಡಿಯ ಮುಂಭಾಗಕ್ಕೆ ಹೋಗಿ ನಿಂತರು.

ನಮ್ಮ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಕಂಪ್ಯೂಟರಿನಿಂದ ಹೊರಬರುವ ಸದ್ದನ್ನು ಡೆಕ್ಕಿಗೆ ಕೊಟ್ಟು ಕ್ಯಾಸೆಟ್ಟಿಗೆ ತುಂಬಿದರೆ ಕಡ್ಡಿಗಳ ಹೊಂದಿಕೆ ಆ ಟೇಪಿನಲ್ಲೇ ಕೂತುಬಿಡುತ್ತದೆ, ಮನೆಯಲ್ಲಿ ಎಲ್ಲಿ ಹಾಕಿದರೂ ಹಾಗೇ ಕೇಳುತ್ತದೆ. ಮೇಲಿನ ಕಡ್ಡಿಗಳನ್ನು ಅಪ್ಪನಿಗೆ ಕೇಳುವಷ್ಟು ಎತ್ತಿದರೆ ಒಟ್ಟು ಸದ್ದು ಮಿತಿ ಮೀರಿ ಒಡೆಯುತ್ತಿತ್ತು. ಅದಕ್ಕೆ ಮೊದಲು ಪಕ್ಕದಲ್ಲಿದ್ದ ಒಟ್ಟು ಸದ್ದಿನ ಕಡ್ಡಿಯನ್ನು ತಗ್ಗಿಸಿಕೊಂಡೆ. ಅಪ್ಪನಿಗೊಂದು, ಅವ್ವನಿಗೊಂದು, ಎರಡು ಕ್ಯಾಸೆಟ್ ಮಾಡಿಕೊಡುತ್ತೇನೆ ಎಂದೆ.

"ನಂಗೆ ಬ್ಯಾಡ," ಎಂದಳು ಅವ್ವ. "ಅವರದೊಂದೇ ಮಾಡು. ಒಂದೇ ಮನ್ಯಾಗೆ ಇಬ್ಬರೂ ಬ್ಯಾರೆ ಬ್ಯಾರೆ ಕೂತು ಕೇಳೋದೆಂಗೆ?"

ಹಾಗಾಗಿ ಒಂದೇ ಮಾಡಿದೆ. ಸಂಜೆ ದೀಪ ಹಚ್ಚಿದ ಮೇಲೆ ಇಬ್ಬರೂ ಟೇಪ್‌ರೆಕಾರ್ಡರ್ ಮುಂದೆ ಕೂರುತ್ತಿದ್ದರು. ಅವ್ವನಿಗೆ ಆ ದನಿ ಚುಚ್ಚುತ್ತಿತ್ತು ಎಂದು ನನಗೆ ಗೊತ್ತು. ಹುಬ್ಬು ಗಂಟಾಗುತ್ತಿತ್ತು, ಎದ್ದು ಹೋಗುತ್ತಿರಲಿಲ್ಲ.

ಮುಂದೆ ಅಪ್ಪನನ್ನು ದಾವಣಗೆರೆಯ ಕಿವಿ ಡಾಕ್ಟರಿಗೆ ತೋರಿಸಿದೆವು. ಯಂತ್ರದ ಸದ್ದಿಗೆ ಹೋದ ಕಿವಿ ಮರಳಿ ಬರುವುದಿಲ್ಲ, ಕಿವಿಗೆ ಮಷೀನು ಹಾಕಿಕೊಳ್ಳಬಹುದು ಎಂದರು. ತಂದುಕೊಟ್ಟೆವು. ಅಪ್ಪ ಕೆಲವು ದಿನ ಹಾಕಿಕೊಂಡು, ಪಾತ್ರೆ ಸದ್ದು ತಲೆಗೆ ಹೊಡೆಯುತ್ತದೆ ಎಂದು ತೆಗೆದಿಟ್ಟರು. ಈಗ ಕೇಳಿಸಿಕೊಂಡು ಆಗಬೇಕಾದ್ದು ಏನೈತೆ ಎಂದರು. ನಾವು ಒತ್ತಾಯ ಮಾಡಲಿಲ್ಲ.

ಹಾಡು ಮುಗಿದ ಮೇಲೆ ಅಪ್ಪ ಒಮ್ಮೊಮ್ಮೆ, ಮತ್ತೇನಂತಿದ್ಲು ಎಂದು ಕೇಳುತ್ತಿದ್ದರು. ಅವ್ವ ಅವರತ್ತ ತಿರುಗಿ, ದನಿ ಎತ್ತರಿಸಿ ಒಂದೊಂದೇ ಹೇಳುತ್ತಿದ್ದಳು. ಶಾಲೆ ಮಕ್ಕಳ ವಿಷಯ ಹೇಳ್ತಿದ್ಲು, ನಿಮ್ಮ ಮಂಡಿನೋವು ಹೆಂಗೈತೆ ಅಂತಿದ್ಲು, ತುಂಗಭದ್ರೆ ತುಂಬಿದಾಳಾ ಅಂತ ಕೇಳಿದ್ಲು. ಆಸ್ಪತ್ರೆಯಲ್ಲಿ ಎಷ್ಟೋ ದಿನ ನಾನೂ ಅಲ್ಲೇ ಇದ್ದೆ. ಅವುಗಳಲ್ಲಿ ಕೆಲವು ಮಾತುಗಳನ್ನು ನಾನು ಕೇಳಿದ್ದ ನೆನಪಿದೆ. ಕೆಲವು ಇಲ್ಲ. ಅವನ್ನೂ ಅಕ್ಕ ಹೇಳಿದ್ದಳಾ ಎಂದು ನಾನು ಅವ್ವನನ್ನು ಯಾವತ್ತೂ ಕೇಳಲಿಲ್ಲ. ಅಪ್ಪ ಮಾತ್ರ ಒಂದು ಮಾತನ್ನೂ ಬಿಡದೆ ಕೇಳಿಸಿಕೊಂಡು, ಹೌದಾ, ಹಂಗಂದ್ಲಾ ಎನ್ನುತ್ತಿದ್ದರು.