ಮನೋರಮಾ ಟೀಚರ ಏಳು ವರ್ಷದ ಪಟ್ಟಿ

ಮನೋರಮಾ ಟೀಚರ ಹಟ ಎಂಥದ್ದೆಂದು ಅವರು ಲೆಕ್ಕ ಕಲಿಸುತ್ತಿದ್ದ ಶಾಲೆಯಲ್ಲೇ ಕನ್ನಡ ಕಲಿಸಿದ ನನಗೇ ಗೊತ್ತು. ೧೯೫೯ರಲ್ಲಿ, ಸುಳ್ಯದ ಕಡೆಯಿಂದ ಬಂದು ನರಿಮೊಗರಿನಲ್ಲಿ ನೆಲೆಸಿದ್ದ ಚನಿಯಪ್ಪ ಗೌಡರ ಮಗಳು ನೀಲಾವತಿ ನಮ್ಮ ಶಾಲೆಯ ಆರನೆಯ ತರಗತಿಯಲ್ಲಿದ್ದಳು. ಲೆಕ್ಕದಲ್ಲಿ ಭಾರೀ ಚುರುಕು. ಅವಳನ್ನು ಅದೇ ವರ್ಷ ಶುರುವಾದ ಮದ್ರಾಸಿನ ಐ.ಐ.ಟಿ.ಗೆ ಸೇರಿಸಬೇಕೆಂದು ಟೀಚರ್ ಆಗಲೇ ಏಳು ವರ್ಷದ ಓದಿನ ಪಟ್ಟಿ ಬರೆದರು. ನಾನು ಹೊಟ್ಟೆ ಹಿಡಿದು ನಕ್ಕೆ.

ಚನಿಯಪ್ಪನವರು ಒಪ್ಪಿದರು, ಆದರೆ ಒಂದು ಷರತ್ತು. ಪ್ರವೇಶ ಪರೀಕ್ಷೆ ಒಂದೇ ಸಲ. ಸೀಟು ಸಿಗದಿದ್ದರೆ ಅದೇ ವರ್ಷ ಮದುವೆ.

ಆರನೆಯದರಲ್ಲಿ ಶಾಲೆ ಬಿಟ್ಟ ಮೇಲೆ ದಿನಕ್ಕೆ ಕಾಲು ಗಂಟೆ, ಬರೀ ತಲೆ ಕೆರೆಸುವ ಲೆಕ್ಕಗಳು. ಏಳರಲ್ಲಿ ಅರ್ಧ ಗಂಟೆ. ಹೈಸ್ಕೂಲಿಗೆ ಪುತ್ತೂರಿಗೆ ಹೋಗತೊಡಗಿದ ಮೇಲೂ ಸಂಜೆ ಟೀಚರ ಮನೆಗೆ ಬರುತ್ತಿದ್ದಳು; ಬೀಜಗಣಿತ, ರೇಖಾಗಣಿತಕ್ಕೆ ಒಂದು ಗಂಟೆ, ಮರುವರ್ಷ ಭೌತ, ರಸಾಯನಶಾಸ್ತ್ರ ಸೇರಿ ಒಂದೂವರೆ. ಭಾನುವಾರ ರಜೆ. ಹೀಗೆ ಆಮೆ ಹೋದ ಹಾಗೆ ಹೋದರೆ ಯಾವಾಗ ಮುಟ್ಟುವುದೆಂದು ಚನಿಯಪ್ಪನವರು ಚಡಪಡಿಸಿದರು. ಟೀಚರ್ ಬಗ್ಗಲಿಲ್ಲ.

ಹೈಸ್ಕೂಲಿನ ಎರಡನೆಯ ವರ್ಷದ ಕೊನೆಗೆ ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ತರಿಸಿ, ಗಡಿಯಾರ ಇಟ್ಟು ಕೂರಿಸಿದರು. ಒಂದು ಗಂಟೆಯಾದರೂ ಹುಡುಗಿ ಪೆನ್ನು ಕೈಗೆತ್ತಿಕೊಳ್ಳಲಿಲ್ಲ.

"ಪ್ರಶ್ನೆಯೇ ಅರ್ಥ ಆಗುದಿಲ್ಲ ಟೀಚರ್," ಎಂದು ಅತ್ತಳು.

ಅದೇ ಪ್ರಶ್ನೆಯನ್ನು ಟೀಚರ್ ಕನ್ನಡದಲ್ಲಿ ಹೇಳಿದರೆ ಐದು ನಿಮಿಷದಲ್ಲಿ ಬಿಡಿಸಿದಳು! ತಪ್ಪು ನನ್ನದೂ ಹೌದು. ಫ್ರಿಕ್ಷನ್, ಆಕ್ಸಿಲರೇಷನ್‌ಗೆ ಘರ್ಷಣೆ, ವೇಗೋತ್ಕರ್ಷ ಎಂದೆಲ್ಲ ಅವಳಿಗೆ ಚಂದದ ಪದ ಕಲಿಸಿದವಳು ನಾನೇ. ಪರೀಕ್ಷೆ ಇಂಗ್ಲಿಷಿನಲ್ಲಿ ಎಂಬುದು ಇಬ್ಬರು ಮಹಾ ಪಂಡಿತೆಯರಿಗೂ ಹೊಳೆದಿರಲಿಲ್ಲ.

ಟೀಚರ್ ಮಾತ್ರ ತಮ್ಮ ಪಟ್ಟಿಯ ಮಡಿಕೆ ಬಿಚ್ಚಿದರು. ಅದರಲ್ಲಿ ಪ್ರತಿ ಬೇಸಗೆಯನ್ನೂ ಎಡವಿದ್ದನ್ನು ಸರಿಪಡಿಸಲೆಂದೇ ಖಾಲಿ ಇಟ್ಟಿದ್ದರು. ಆ ಬೇಸಗೆ ಹೊಸ ಪಾಠ ಬಂದ್. ದಿನಕ್ಕೆ ಹತ್ತು ಇಂಗ್ಲಿಷ್ ಪದ, ಆಮೇಲೆ ಐದು ಸುಲಭ ಲೆಕ್ಕ, ಆಮೇಲೆ ಪೂರ್ತಿ ಪುಟ. ಗೊತ್ತಿದ್ದ ಲೆಕ್ಕವೇ ಆದ್ದರಿಂದ ಭಾಷೆ ಬೇಗ ಹತ್ತಿತು. ಪಿಯುಸಿಯಲ್ಲಿ ಓದು ದಿನಕ್ಕೆ ಮೂರು ಗಂಟೆಗೇರಿತು, ವಾರಕ್ಕೊಂದು ಪೂರ್ತಿ ಪತ್ರಿಕೆ ಬರೆದಳು. ಅಷ್ಟು ಹೊತ್ತಿಗೆ ಅವಳಿಗೆ ಅದು ಭಾರವೇ ಅನ್ನಿಸಲಿಲ್ಲ.

ಅರವತ್ತಾರರಲ್ಲಿ ಪರೀಕ್ಷೆ ಬರೆದಳು. ಫಲಿತಾಂಶಕ್ಕೆ ಕಾಯುವಾಗ ಗಂಡಿನ ಕಡೆಯವರು ಎರಡು ಸಲ ಬಂದು ಹೋದರು. ನನಗೆ ಊಟ ಸೇರುತ್ತಿರಲಿಲ್ಲ.

ಕೊನೆಗೆ ಒಂದು ಮಧ್ಯಾಹ್ನ ಚನಿಯಪ್ಪನವರು ಶಾಲೆಯ ಮೆಟ್ಟಿಲು ಹತ್ತಿದರು. ಸೀಟು ಸಿಕ್ಕಿದ ಕಾಗದವನ್ನು ಮೇಜಿನ ಮೇಲಿಟ್ಟು, ಟೀಚರ ಮುಖ ನೋಡದೆ ಹೇಳಿದರು:

"ಅಲ್ಲಿ ಐದು ವರ್ಷ ಓದ್ಲಿಕ್ಕೆ ಉಂಟಂತೆ. ಹುಡುಗನ ಮನೆಗೆ ಹೋಗಿ ಹೇಳಿಯೇ ಬಂದೆ. ಕಾಯುದಾದ್ರೆ ಕಾಯಲಿ, ಇಲ್ಲದಿದ್ರೆ ಬೇಡ."

ನಾನು ಜೋರಾಗಿಯೇ ಅತ್ತುಬಿಟ್ಟೆ.